ಪದಚರ್ಚೆ: ಲಾಸ್‌ಗಳನ್ನು ‘ಸರಿದೂಗಿಸುವುದು’ ಅಂದರೆ ಸಮ ಮಾಡುವುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದೇ ನ್ಯೂರಲ್ ನೆಟ್‌ವರ್ಕ್‌ಗೆ ಎರಡು ಕೆಲಸ ಕಲಿಸುವ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡೂ ಕೆಲಸಕ್ಕೆ ಸೇರಿದ ಲೇಯರ್‌ಗಳಿಗೆ ‘ಕಾಂಡ’ ಅಂದಿದ್ದೇನೆ, ಅದು ಎಲ್ಲರಿಗೂ ಅರ್ಥವಾಗುತ್ತಿದೆ. ಅದರ ಮೇಲೆ ಎರಡು ಕವಲು. ಒಂದು, ಚಿತ್ರದ ಪ್ರತಿ ಪಿಕ್ಸೆಲ್ ಎಷ್ಟು ದೂರದಲ್ಲಿದೆ ಅಂತ ಹೇಳುತ್ತದೆ. ಇನ್ನೊಂದು, ಅದು 20 ಬಗೆಯ ವಸ್ತುಗಳಲ್ಲಿ ಯಾವುದು ಅಂತ ಹೇಳುತ್ತದೆ. ಒಟ್ಟು ಲಾಸ್ ಹೀಗೆ:

```
L = w1*L_depth + w2*L_seg
```

‘ಎರಡು ಲಾಸ್‌ಗಳನ್ನು ಸರಿದೂಗಿಸಿ ಕೂಡಬೇಕು’ ಅಂತ ಬರೆದಿದ್ದೆ. ಕರಡು ಓದಿದವರೊಬ್ಬರು ‘ಅಂದರೆ ಎರಡೂ ಸಂಖ್ಯೆ ಒಂದೇ ಆಗಬೇಕಾ?’ ಅಂತ ಕೇಳಿದರು. ಆ ಪದ ಸರಿಯಾ? w1, w2ಗೆ ‘ತೂಕ’ ಅನ್ನಬಹುದಾ?

ಉತ್ತರ 1

ಪದ ಸರಿಯಾಗಿಯೇ ಇದೆ, ಸಂಖ್ಯೆಗಳು ಸಮ ಆಗಬೇಕಾದ್ದೇ. ದೂರದ ಲಾಸ್ ವರ್ಗದೋಷ ಅಂದುಕೊಳ್ಳಿ. 3 ಮೀಟರ್ ತಪ್ಪಿದರೆ ಲಾಸ್ 9. ಅದೇ ದೂರವನ್ನು ಸೆಂಟಿಮೀಟರ್‌ನಲ್ಲಿ ಕೊಟ್ಟರೆ 90,000! ವಸ್ತು ಗುರುತಿಸುವ ಕ್ರಾಸ್ ಎಂಟ್ರೊಪಿ, ಏನೂ ಕಲಿಯದ ಹಂತದಲ್ಲಿ, 20ರ ನ್ಯಾಚುರಲ್ ಲಾಗ್, ಅಂದರೆ ಸುಮಾರು 3. ಅದು 3ರಿಂದ 1ಕ್ಕೆ ಇಳಿದರೂ ಒಟ್ಟು ಲಾಸ್‌ನಲ್ಲಿ ಕಾಣುವುದೇ ಇಲ್ಲ. ಪ್ರತಿ ಲಾಸನ್ನು ಅದರ ಮೊದಲ ಬೆಲೆಯಿಂದ ಭಾಗಿಸಿ, ಎರಡೂ 1ರಿಂದ ಶುರುವಾಗುತ್ತವೆ. ಆಡಮ್ ಆಪ್ಟಿಮೈಜರ್ ಬಳಸಿದರೆ ಇದೂ ಬೇಡ, ಅದು ಸ್ಕೇಲನ್ನು ತಾನೇ ಸರಿಮಾಡುತ್ತದೆ.

ಉತ್ತರ 2

ನನಗೂ ಇದೇ ತೊಂದರೆ ಇತ್ತು. ಒಂದು ಬಗೆಯ ಉದಾಹರಣೆಗಳು ಜಾಸ್ತಿ, ಇನ್ನೊಂದು ಬೆರಳೆಣಿಕೆಯಷ್ಟು. ಕಡಿಮೆ ಇರುವುದಕ್ಕೆ ಜಾಸ್ತಿ ತೂಕ ಕೊಟ್ಟೆ, ಸರಿಹೋಯಿತು. ಇದನ್ನು ‘ಸಮತೋಲನ’ ಅಂತಲೇ ಕರೆಯುತ್ತೇವೆ.

ಉತ್ತರ 3

ಉತ್ತರ 2ರವರೇ, ನೀವು ಹೇಳುತ್ತಿರುವುದು ಒಂದೇ ಕೆಲಸದ ಒಳಗಿನ ಏರುಪೇರು. ಇಲ್ಲಿರುವುದು ಎರಡು ಬೇರೆ ಕೆಲಸಗಳ ಲಾಸ್. ಎರಡಕ್ಕೂ ಒಂದೇ ಪದ ಬಳಸಿದರೆ ಓದುವವರು ಖಂಡಿತ ಗೊಂದಲಪಡುತ್ತಾರೆ.

ಉತ್ತರ 1ರವರ ಲೆಕ್ಕ ಸರಿ, ಆದರೆ ತೀರ್ಮಾನ ಒಪ್ಪಲಾರೆ. ಒಂದು ಲಾಸ್‌ಗೆ ಸುಮ್ನೆ 100 ಕೂಡಿ ನೋಡಿ. ಸಂಖ್ಯೆ ಬದಲಾಯಿತು, ನೆಟ್‌ವರ್ಕ್ ಕಲಿಯುವುದು ಒಂದಿಷ್ಟೂ ಬದಲಾಗಲಿಲ್ಲ, ಯಾಕೆಂದರೆ ಗ್ರೇಡಿಯಂಟ್ ಅದೇ. ಹಾಗೆಯೇ ದೂರಕ್ಕೆ ವರ್ಗದ ಬದಲು ಬರೀ ವ್ಯತ್ಯಾಸದ ಗಾತ್ರ ತೆಗೆದುಕೊಂಡರೆ, ತಪ್ಪು 2 ಮೀಟರ್ ಇದ್ದಾಗಲೂ 0.02 ಇದ್ದಾಗಲೂ ಔಟ್‌ಪುಟ್‌ನಲ್ಲಿ ಹುಟ್ಟುವ ಗ್ರೇಡಿಯಂಟ್ ಅಷ್ಟೇ ಇರುತ್ತದೆ. ಲಾಸ್ ಚಿಕ್ಕದಾಯಿತು, ಎಳೆತ ಕಡಿಮೆಯಾಗಲಿಲ್ಲ. ಹಾಗಾಗಿ ನೋಡಬೇಕಾದದ್ದು ಪ್ರತಿ ಕೆಲಸ ಕಾಂಡವನ್ನು ಎಷ್ಟು ಎಳೆಯುತ್ತಿದೆ ಅನ್ನುವುದನ್ನು. ಕಾಂಡದ ಕೊನೆಯ ಲೇಯರ್‌ನಲ್ಲಿ ಅಳೆಯಬಹುದು:

```python
g_d = torch.autograd.grad(L_depth, last.weight, retain_graph=True)[0].norm()
g_s = torch.autograd.grad(L_seg, last.weight, retain_graph=True)[0].norm()
```

ಒಂದು ಇನ್ನೊಂದರ ನೂರಾರು ಪಟ್ಟು ಇದ್ದರೆ ಕಾಂಡ ಒಂದೇ ಕೆಲಸಕ್ಕೆ ದುಡಿಯುತ್ತಿದೆ ಅಂತ ಅರ್ಥ. ಶುರುವಿನಲ್ಲಿ ಒಮ್ಮೆ ಅಳೆದರೆ ಸಾಲದು, ಟ್ರೈನಿಂಗ್ ಸಾಗಿದಂತೆ ಈ ಅನುಪಾತ ಬದಲಾಗುತ್ತದೆ. ಮೊದಲ ಬೆಲೆಯಿಂದ ಭಾಗಿಸುವ ಉಪಾಯ ಸೋಲುವುದು ಅಲ್ಲೇ.

ಆಡಮ್ ವಿಷಯ ಅರ್ಧ ನಿಜ. ಕವಲಿಗೆ ತನ್ನ ಲಾಸ್‌ನ ಗ್ರೇಡಿಯಂಟ್ ಮಾತ್ರ ಬರುವುದರಿಂದ ಅಲ್ಲಿ ಸ್ಕೇಲ್ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಕಾಂಡಕ್ಕೆ ಬರುವುದು ಎರಡೂ ಕೂಡಿದ ಮೊತ್ತ. ಆಡಮ್ ಮೊತ್ತವನ್ನು ಕುಗ್ಗಿಸಬಹುದು, ಅದರೊಳಗಿನ ಪಾಲನ್ನು ಬದಲಿಸುವುದಿಲ್ಲ.

ಪದದ ಬಗ್ಗೆ: ‘ಸರಿದೂಗಿಸು’ ಅಂದರೆ ತಕ್ಕಡಿಯ ಎರಡು ತಟ್ಟೆ ಸಮ ಆಗುವುದೇ ಕಣ್ಣಿಗೆ ಬರುತ್ತದೆ. ನಮಗೆ ಬೇಕಾದದ್ದು ಅದಲ್ಲ. ಒಂದು ಕೆಲಸ ಮುಖ್ಯ ಅನಿಸಿದರೆ ಅದಕ್ಕೆ ಬೇಕೆಂತಲೇ ಜಾಸ್ತಿ ಪಾಲು ಕೊಡುತ್ತೇವೆ. ‘ಪಾಲು ಹೊಂದಿಸು’ ನನಗೆ ಹಿಡಿಸುತ್ತದೆ. ‘ತೂಕ’ ನೆಟ್‌ವರ್ಕ್ ಕಲಿಯುವ ಸಂಖ್ಯೆಗಳಿಗೆ ಆಗಲೇ ಬಳಕೆಯಲ್ಲಿದೆ, w1, w2ಗೆ ‘ಗುಣಕ’ ಅನ್ನಿ.

ಉತ್ತರ 1ರವರಿಂದ ಮತ್ತೆ

ಆಡಮ್ ವಿಷಯ ಒಪ್ಪಿದೆ. ಆದರೆ ಕೆಂಡಾಲ್, ಗಾಲ್, ಚಿಪೋಲಾ 2018ರಲ್ಲಿ ಹೇಳಿದ ವಿಧಾನದಲ್ಲಿ ಗುಣಕಗಳನ್ನೂ ನೆಟ್‌ವರ್ಕ್ ಜೊತೆಗೇ ಕಲಿಯುತ್ತಾರೆ. ಆಗ ಅವೂ ‘ತೂಕ’ದ ಜಾತಿಗೇ ಸೇರಿದವು ಅಲ್ವಾ?

ಉತ್ತರ 3ರವರಿಂದ

ಕಲಿಯುತ್ತವೆ, ನಿಜ. ಆ ಲಾಸನ್ನು ಸ್ವಲ್ಪ ಸರಳ ಮಾಡಿದರೆ ಪ್ರತಿ ಕೆಲಸಕ್ಕೆ `exp(-s)*L + s` ಅಂತ ಬರುತ್ತದೆ. ಇಲ್ಲಿ ಕಲಿಯುವ ಸಂಖ್ಯೆ `s`, ಗುಣಕ `exp(-s)`. ಇದರ ಕನಿಷ್ಠ ಬೆಲೆ `exp(s) = L` ಆದಾಗ, ಅಂದರೆ ಗುಣಕ 1/L ಕಡೆಗೆ ಹೋಗುತ್ತದೆ. ಮೀಟರ್, ಸೆಂಟಿಮೀಟರ್ ತಕರಾರು ಇದರಿಂದ ತೀರುತ್ತದೆ. ಆದರೆ ಒಂದು ಕೆಲಸ ಟ್ರೈನಿಂಗ್ ಡೇಟಾವನ್ನು ಬಾಯಿಪಾಠ ಮಾಡಿ ಲಾಸ್ ಸೊನ್ನೆಗೆ ಹತ್ತಿರವಾದರೆ ಅದರ ಗುಣಕ ವಿಪರೀತ ಏರುತ್ತದೆ. ಇದನ್ನು ಕಂಡುಹಿಡಿಯಲು ಪ್ರತಿ ಕೆಲಸವನ್ನು ಒಂಟಿಯಾಗಿ ಕಲಿಸಿದ ನೆಟ್‌ವರ್ಕ್ ಪಕ್ಕದಲ್ಲಿರಲಿ, ನೋಡದ ಡೇಟಾದ ಮೇಲೆ ಹೋಲಿಸಿ.

ಕೇಳಿದವರು

‘ಗುಣಕ’ ತೆಗೆದುಕೊಂಡೆ, ಕಲಿಯುವ ಗುಣಕವಾದರೂ ಅದನ್ನೇ ಇಡುತ್ತೇನೆ. ‘ಪಾಲು ಹೊಂದಿಸು’ ಬಗ್ಗೆ ಇನ್ನೂ ಅನುಮಾನ ಇದೆ: ಪಾಲು ಅಂದರೆ ಎಲ್ಲ ಸೇರಿ 1 ಆಗಬೇಕು ಅಂತ ಅನಿಸುವುದಿಲ್ವಾ? ಈ ಗುಣಕಗಳಿಗೆ ಅಂಥ ಕಟ್ಟುಪಾಡಿಲ್ಲ. ಬೇರೆ ಕ್ರಿಯಾಪದ ಹೊಳೆದವರು ತಿಳಿಸಿ.