ಡ್ಯೂಟಿ ಫ್ರೀ ಬಾಟ್ಲಿ ಎರಡನೇ ಸೆಕ್ಯೂರಿಟಿ ದಾಟುತ್ತಾ?

ಪ್ರಶ್ನೆ: ದಾರಿಯಲ್ಲಿ ವಿಮಾನ ಬದಲಿಸುವಾಗ ಒಂದು ಲೀಟರ್ ವಿಸ್ಕಿ ತಗೋಬೇಕು ಅಂತಿದ್ದೇನೆ. ಅಮೆರಿಕದಲ್ಲಿ ಇಳಿದ ಮೇಲೆ ಇನ್ನೊಂದು ವಿಮಾನ ಇದೆ. ಸೀಲ್ ಮಾಡಿದ ಚೀಲದಲ್ಲಿ ಕೊಡುತ್ತಾರಂತೆ. ಅಷ್ಟಿದ್ದರೆ ಸಾಕಾ?

ಕಿಟಕಿ ಸೀಟು: ಆ ಚೀಲದ ಹೆಸರು ಎತ್ತಬೇಡಿ, ಹೊಟ್ಟೆ ಉರಿಯುತ್ತೆ. ಎರಡು ಬಾಟ್ಲಿ ತಗೊಂಡಿದ್ದೆ. ವಿಮಾನದಲ್ಲಿ ಒಂದಕ್ಕೊಂದು ಟಣ್ ಟಣ್ ಅಂತಿದ್ದವು. ಮಧ್ಯೆ ಒಂದು ಸ್ವೆಟರ್ ಇಡೋಣ ಅಂತ ಚೀಲದ ಬಾಯಿ ಮೆಲ್ಲಗೆ ಬಿಡಿಸಿ, ಮತ್ತೆ ಅಂಟಿಸಿದೆ. ಅಂಟುಪಟ್ಟಿಯ ಮೇಲೆ ಅಕ್ಷರ ಮೂಡಿಬಿಟ್ಟಿತ್ತು! ಸೆಕ್ಯೂರಿಟಿಯವನು ಬಾಟ್ಲಿ ನೋಡಲೇ ಇಲ್ಲ, ಪಟ್ಟಿ ನೋಡಿ ಎರಡನ್ನೂ ತೊಟ್ಟಿಗೆ ಹಾಕಿದ. ಎರಡು ದಿನದ ಸಂಬಳ ಹೋಯಿತು. ಸ್ವೆಟರ್ ಮಾತ್ರ ಉಳಿಯಿತು.

ಏಳು ಸಲ: ತಪ್ಪು ನಿಮ್ಮದೇ ಅಲ್ವಾ? ಸೀಲ್ ಮುರಿಯದಿದ್ದರೆ ಯಾವ ದೇಶದಲ್ಲೂ ಕೇಳುವುದಿಲ್ಲ. ನಾನು ಏಳು ಸಲ ತಂದಿದ್ದೇನೆ.

ಹಳೇ ಪಾಸ್‌ಪೋರ್ಟ್: ಅದೃಷ್ಟವನ್ನು ನಿಯಮ ಅಂತ ಹೇಳಬೇಡಿ. ಸೀಲ್ ಗಟ್ಟಿಯಾಗಿದ್ದೂ ನನ್ನ ಪಿಂಗಾಣಿ ಬಾಟ್ಲಿ ಹೋಯಿತು. ಒಳಗಿನ ದ್ರವವನ್ನು ಅವರ ಯಂತ್ರ ಪರೀಕ್ಷಿಸಲಾಗಲಿಲ್ಲ, ಅಷ್ಟೇ ಕಾರಣ. ಲೋಹದ್ದಕ್ಕೂ ಇದೇ ಗತಿ ಆಗಬಹುದು. ಗಾಜಿನದೇ ತಗೊಳ್ಳಿ. ಅಮೆರಿಕದಲ್ಲಿ ಬಿಲ್ಲು 48 ಗಂಟೆಯೊಳಗಿನದಾಗಿರಬೇಕು, ಅದನ್ನು ಅಂಗಡಿಯವರೇ ಚೀಲದೊಳಗೆ ಕಾಣುವ ಹಾಗೆ ಇಡಬೇಕು. ನೀವು ಜೇಬಿಗೆ ಹಾಕಿಕೊಳ್ಳಬೇಡಿ.

ಅದಾದ ಮೇಲೆ ನಾನು ಸೆಕ್ಯೂರಿಟಿಯ ಗೋಜಿಗೇ ಹೋಗಿಲ್ಲ. ಅಮೆರಿಕದಲ್ಲಿ ಮೊದಲು ಇಳಿದ ಕಡೆ ಚೆಕ್‌ಇನ್ ಮಾಡಿದ ಸೂಟ್‌ಕೇಸ್ ಸಾಮಾನ್ಯವಾಗಿ ಕೈಗೆ ಬರುತ್ತದೆ. ಕಸ್ಟಮ್ಸ್ ದಾಟಿ, ಅದನ್ನು ಮತ್ತೆ ಬೆಲ್ಟಿಗೆ ಹಾಕುವ ಮುಂಚೆ ಬಾಟ್ಲಿ ಒಳಗಿಡುತ್ತೇನೆ. ಕೈಯಲ್ಲಿ ಒಯ್ಯುವ ದ್ರವಕ್ಕಿರುವ 100 ಎಂಎಲ್ ಲೆಕ್ಕ ಅಲ್ಲಿ ಇಲ್ಲ. ಆಲ್ಕೋಹಾಲ್ 70 ಶೇಕಡಾ ಮೀರಿರಬಾರದು, ವಿಸ್ಕಿಗೆ ಆ ಚಿಂತೆ ಇಲ್ಲ. ಆದರೆ ಡಬ್ಲಿನ್, ಅಬುಧಾಬಿಯಂಥ ಕಡೆ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿದಿದ್ದರೆ ಸೂಟ್‌ಕೇಸ್ ಮಧ್ಯೆ ಸಿಗುವುದಿಲ್ಲ.

ಅತ್ತರು: ಸೂಟ್‌ಕೇಸಾ? ದಯವಿಟ್ಟು ಬೇಡ. ನನ್ನ ಸೆಂಟ್ ಬಾಟ್ಲಿ ಒಡೆದು ಮದುವೆ ಬಟ್ಟೆಯೆಲ್ಲ ಹಾಳಾಯಿತು. ಮೂರು ಸಲ ಒಗೆದರೂ ವಾಸನೆ ಹೋಗಿಲ್ಲ.

ಹಳೇ ಪಾಸ್‌ಪೋರ್ಟ್: ಬಟ್ಟೆ ಸುತ್ತಿದ್ರಾ?

ಅತ್ತರು: ಸುತ್ತಿದ್ದೆ. ಆ ಬಟ್ಟೆಯೇ ಹಾಳಾಗಿದ್ದು.

ಏಳು ಸಲ: ಅದಕ್ಕೇ ಹೇಳಿದ್ದು, ಕೈಯಲ್ಲೇ ಇರಲಿ.

ಕಿಟಕಿ ಸೀಟು: ಕೈಯಲ್ಲೇ ಇಟ್ಟುಕೊಂಡು ಕಳೆದುಕೊಂಡವನು ನಾನು ಇಲ್ಲೇ ಕೂತಿದ್ದೇನಲ್ಲ ಸ್ವಾಮಿ!

ಏಳು ಸಲ: ನೀವು ಬಿಚ್ಚಿದ್ರಿ.

ಪ್ರಶ್ನೆ ಕೇಳಿದವರು: ಒಂದು ಹೇಳೋದು ಮರೆತೆ. ನನ್ನ ಹತ್ತಿರ ಸೂಟ್‌ಕೇಸೇ ಇಲ್ಲ, ಬರೀ ಬ್ಯಾಕ್‌ಪ್ಯಾಕ್.

ಹಳೇ ಪಾಸ್‌ಪೋರ್ಟ್: ಇದನ್ನು ಮೊದಲೇ ಹೇಳಬಾರದಿತ್ತೇ?