ಸಹಾಯ ಬೇಕು: ಮೆಕ್ಕೆಜೋಳದ ಲೋಡ್‌ನಲ್ಲಿ 370 ಕೆಜಿ ಕಡಿಮೆ, ಎಷ್ಟು ಹಣ ವಾಪಸ್ ಕೇಳಲಿ?

ನಮಸ್ಕಾರ. ಕೋಳಿ ಫಾರಂಗೆ ದಾವಣಗೆರೆಯಿಂದ ಒಂದು ಲಾರಿ ಮೆಕ್ಕೆಜೋಳ ತರಿಸಿದ್ದೆ, ಕ್ವಿಂಟಲ್‌ಗೆ 2,200 ರೂಪಾಯಿ. ದುಡ್ಡು ಮೊದಲೇ ಕೊಟ್ಟಾಗಿದೆ. ಅಲ್ಲಿನ ವೇಬ್ರಿಜ್ ಚೀಟಿಯಲ್ಲಿ ಲೋಡ್ ಗಾಡಿ 24,720 ಕೆಜಿ, ಖಾಲಿ ಗಾಡಿ 8,720, ಅಂದರೆ ಮಾಲು 16,000. ನಮ್ಮೂರ ಚೀಟಿಯಲ್ಲಿ 24,340 ಮತ್ತು 8,710, ಮಾಲು 15,630.

ಖಾಲಿ ಗಾಡಿಯ ತೂಕದಲ್ಲಿ ಹತ್ತೇ ಕೆಜಿ ವ್ಯತ್ಯಾಸ ಇರುವುದರಿಂದ ಕಾಟಾ ದೋಷ ಅನ್ನಲಾಗದು. ತೇವ ಆರಿದೆ ಅನ್ನುತ್ತಾರೆ ವ್ಯಾಪಾರಿ. ತಾಡಪಾಲು ಮುಚ್ಚಿ ಒಂದೇ ರಾತ್ರಿಯಲ್ಲಿ ಬಂದ ಮಾಲು ಅಷ್ಟು ಆರುತ್ತದೆಯೇ?

ಈಗ ಅರ್ಧ ಪರ್ಸೆಂಟ್, ಅಂದರೆ 80 ಕೆಜಿ ದಾರಿಯ ಸೋರಿಕೆ ಕಳೆದು, 290 ಕೆಜಿಗೆ 6,380 ರೂಪಾಯಿ ಕೊಡಲು ಒಪ್ಪಿದ್ದಾರೆ. ಪೂರ್ತಿಗೆ 8,140 ಆಗುತ್ತದೆ. ಸೋರಿಕೆಯ ಮಾತು ಖರೀದಿ ವೇಳೆ ಆಗಿರಲೇ ಇಲ್ಲ. ನಿಮ್ಮ ಕಡೆ ಪದ್ಧತಿ ಹೇಗಿದೆ? ಪೂರ್ತಿ ಕೇಳಬಹುದೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.