ಮೂರು ಸಲ ಬಟ್ಟಿ ಇಳಿಸಿದರೂ ಸ್ಪಿರಿಟ್‌ನಿಂದ ನೀರು ಹೋಗುತ್ತಿಲ್ಲ, ಯಾಕೆ?

ಬಿಎಸ್ಸಿ ವಿದ್ಯಾರ್ಥಿನಿ, ಧಾರವಾಡ: ಸರ್, ಸ್ಪಿರಿಟ್ ಮೂರು ಸಲ ಬಟ್ಟಿ ಇಳಿಸಿದೆ. ಆಲ್ಕೋಹಾಲ್ ತೂಕದ ಲೆಕ್ಕದಲ್ಲಿ ನೂರಕ್ಕೆ 95ರ ಆಸುಪಾಸಿಗೇ ನಿಲ್ಲುತ್ತಿದೆ. ಥರ್ಮಾಮೀಟರ್ ಮಾತ್ರ 77ರಲ್ಲಿ ಅಲ್ಲಾಡದೆ ನಿಂತಿದೆ, ಅಂದರೆ ಶುದ್ಧ ಅಲ್ವಾ? ಯಾವ ಮಿಶ್ರಣ ಎಷ್ಟು ಡಿಗ್ರಿಗೆ ಕುದಿಯುತ್ತದೆ ಅಂತ ತೋರಿಸುವ ಗ್ರಾಫಿನಲ್ಲಿ ಎರಡು ಗೆರೆ ಯಾಕಿವೆ ಅನ್ನೋದೂ ತಿಳಿಯಲಿಲ್ಲ.

ಲ್ಯಾಬ್ ಸಹಾಯಕ, ಗದಗ: ಆಲ್ಕೋಹಾಲ್ 78ಕ್ಕೆ ಕುದಿಯುತ್ತದೆ, ನೀರು 100ಕ್ಕೆ. ಉದ್ದನೆಯ ಕಾಲಂ ಹಾಕಿ, ಪೂರ್ತಿ ಬೇರೆಯಾಗುತ್ತದೆ.

ಡಿಸ್ಟಿಲರಿ ಕೆಮಿಸ್ಟ್, ಹಾವೇರಿ: ಕಾಲಂ 95ರ ತನಕ ಬೇಗ ಒಯ್ಯುತ್ತದೆ, ಅದು ನಿಜ. ಅದರಾಚೆ ಒಯ್ಯುವುದಿಲ್ಲ. ಗ್ರಾಫ್ ತೆಗೆಯಮ್ಮಾ. ಕೆಳಗಿನ ಗೆರೆ ದ್ರವದ್ದು, ಮೇಲಿನದು ಆವಿಯದು. ನೂರು ಕಣದಲ್ಲಿ 10 ಆಲ್ಕೋಹಾಲ್ ಇರುವ ಕಡೆಯಿಂದ ನೇರ ಮೇಲೆ ಹೋಗು, ಸುಮಾರು 87 ಡಿಗ್ರಿಗೆ ಕೆಳಗಿನ ಗೆರೆ ಸಿಗುತ್ತದೆ. ಅದೇ ಡಿಗ್ರಿಯಲ್ಲಿ ಅಡ್ಡ ಸ್ಕೇಲ್ ಇಟ್ಟರೆ ಆವಿಯ ಗೆರೆ 44ರ ಹತ್ತಿರ ಸಿಗುತ್ತದೆ. ಒಂದೇ ಹೆಜ್ಜೆಗೆ 10 ಹೋಗಿ 44! ಆ ಆವಿ ತಣಿಸಿ ಮತ್ತೆ ಕುದಿಸಿದರೆ 63, ಆಮೇಲೆ ಸುಮಾರು 72. ಹೆಜ್ಜೆ ಸಣ್ಣದಾಗುತ್ತಾ ಬಂತು, ಅಲ್ವಾ? 89.4ರಲ್ಲಿ ಎರಡೂ ಗೆರೆ ಮುಟ್ಟುತ್ತವೆ. ತೂಕದಲ್ಲಿ ಅದು 95.6, ನಿನ್ನ ಸ್ಪಿರಿಟ್ ನಿಂತ ಜಾಗ. ಅಲ್ಲಿ ದ್ರವ ಹೇಗಿದೆಯೋ ಆವಿಯೂ ಹಾಗೇ, ಎಷ್ಟು ಸಲ ಕುದಿಸಿದರೂ ಬದಲಾಗುವುದಿಲ್ಲ. ಅದೇ ಅಜಿಯೋಟ್ರೋಪ್.

ಕಾರಣ ಇದು: ಬಹಳ ಸ್ಪಿರಿಟ್ ನಡುವೆ ಸಿಕ್ಕ ಸ್ವಲ್ಪ ನೀರಿಗೆ ತನ್ನ ಬಳಗದ ಹಿಡಿತ ಇರುವುದಿಲ್ಲ. ಹಾಗಾಗಿ ಅದು ಸುಲಭವಾಗಿ ಆವಿಯಾಗಿ ಜೊತೆಗೇ ಹೊರಡುತ್ತದೆ.

ಥರ್ಮಾಮೀಟರ್ ಸ್ಥಿರವಾಗಿ ನಿಂತರೆ ಶುದ್ಧ ಅಂತ ನಂಬಬೇಡ. ಈ ಮಿಶ್ರಣ 78.2ಕ್ಕೆ ಕುದಿಯುತ್ತದೆ, ಶುದ್ಧ ಆಲ್ಕೋಹಾಲ್ 78.3ಕ್ಕೆ. ನಿನ್ನ ಥರ್ಮಾಮೀಟರಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ಮೈಲುತುತ್ತವನ್ನು ಬೇರೆ ಕಡೆ ಬಿಳಿಯಾಗುವ ತನಕ ಕಾಯಿಸು, ಆರಿದ ಮೇಲೆ ಸ್ಪಿರಿಟ್‌ಗೆ ಚಿಟಿಕೆ ಹಾಕು. ನೀಲಿಯಾದರೆ ನೀರಿದೆ. ಸ್ಪಿರಿಟ್ ಹತ್ತಿರ ಬೆಂಕಿ ಬೇಡ.

ಕಾಲೇಜು ಉಪನ್ಯಾಸಕಿ, ಹುಬ್ಬಳ್ಳಿ: ನಮ್ಮಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಕುದಿಸಿದಾಗ ಬುಡದಲ್ಲಿ 20 ಪರ್ಸೆಂಟ್ ಆಸಿಡ್ ಉಳಿಯಿತು. ಇದೂ ಅದೇನಾ?

ಕೆಮಿಸ್ಟ್: ಅದರ ತಿರುವುಮುರುವು ಮೇಡಂ. ಆ ಗೆರೆಗೆ ಗುಡ್ಡದ ತುದಿ ಇದೆ, ಸುಮಾರು 108 ಡಿಗ್ರಿಗೆ. ಆ ಮಿಶ್ರಣ ಕೊನೆಗೆ ಪಾತ್ರೆಯಲ್ಲಿ ಉಳಿಯುತ್ತದೆ. ಸ್ಪಿರಿಟ್‌ನದು ತಗ್ಗು, ಅದಕ್ಕೇ ಮೊದಲು ಹೊರಬರುತ್ತದೆ.

ಲ್ಯಾಬ್ ಸಹಾಯಕ: ಹಾಗಾದರೆ ಪೂರ್ತಿ ನೀರು ತೆಗೆಯೋದು ಹೇಗೆ?

ಕೆಮಿಸ್ಟ್: ನಾವು ಸ್ಪಿರಿಟ್ ಆವಿಯನ್ನು 3ಎ ಮಾಲಿಕ್ಯುಲರ್ ಸೀವ್ ಗುಂಡುಗಳ ಮೇಲೆ ಹಾಯಿಸುತ್ತೇವೆ. ನೀರಿನ ಕಣ ತೂತಿನೊಳಗೆ ಇಳಿಯುತ್ತದೆ, ಆಲ್ಕೋಹಾಲ್ ಕಣ ಹಿಡಿಸುವುದಿಲ್ಲ.

ವಿದ್ಯಾರ್ಥಿನಿ: ಸರ್, ನೀಲಿಯಾಯಿತು. ಆದರೆ 78.2 ಬದಲು 77 ಯಾಕೆ?

ಕೆಮಿಸ್ಟ್: ಧಾರವಾಡ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಲೆಕ್ಕದ ಪ್ರಕಾರ 76ರ ಹತ್ತಿರ ಬರಬೇಕಿತ್ತು. ಉಳಿದ ಒಂದು ಡಿಗ್ರಿ ಥರ್ಮಾಮೀಟರಿನದೇ ತಪ್ಪಿರಬಹುದು, ಇಲ್ಲಾ ಬಲ್ಬ್ ಪಕ್ಕದ ನಳಿಕೆಯ ಮಟ್ಟಕ್ಕಿಂತ ಕೆಳಗಿರಬಹುದು. ನಾಳೆ ಸುಮ್ನೆ ನೀರು ಕುದಿಸಿ ನೋಡು, ಸುಮಾರು 97.5 ಬರಬೇಕು. ಬಂದಿದ್ದನ್ನು ಇಲ್ಲಿ ಬರೆ.